ಬೆರಳು ಎಣಿಸಬೇಡಿ, ಕಿವಿ ನೋಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಕನ್ನಡ ಕ್ಲಾಸ್ ತೆಗೆದುಕೊಳ್ಳುತ್ತೇನೆ. 8, 9ನೇ ತರಗತಿಯ 11 ಮಕ್ಕಳು. ಮನೆಯಲ್ಲಿ ಕನ್ನಡವೋ ತುಳುವೋ, ಬಿಲ್ಡಿಂಗ್ ಕೆಳಗೆ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಹೋದ ತಿಂಗಳು ಒಬ್ಬ ಹುಡುಗಿ ತನ್ನ ಶಾಲೆಯ ನೋಟ್‌ಬುಕ್ ತಂದು ತೋರಿಸಿದಳು. ನಕಲಿ ಫೋಟೊ ಗುರುತಿಸುವುದು ಹೇಗೆ ಅಂತ ಯಾರೋ ಬಂದು ಒಂದು ಗಂಟೆ ಪಾಠ ಮಾಡಿದ್ದಾರೆ. ಅದರಲ್ಲಿ ಬರೆಸಿದ್ದು ಮೂರೇ ಸಾಲು: ಬೆರಳು ಎಣಿಸಿ, ಹಿಂದಿನ ಬೋರ್ಡ್ ಓದಿ, ವಿಡಿಯೊ ಆದರೆ ಕಣ್ಣು ಮಿಟುಕಿಸುತ್ತಾರಾ ನೋಡಿ.

ಇದನ್ನು ಓದಿ ನನಗೆ ನಿಜವಾಗಿಯೂ ಬೇಜಾರಾಯಿತು. ಮಕ್ಕಳಿಗೆ ಜಾಸ್ತಿ ತೊಂದರೆ ಕೊಡುವುದು ಫೇಸ್ ಸ್ವಾಪ್, ಅಂದರೆ ಒಬ್ಬರ ದೇಹಕ್ಕೆ ಇನ್ನೊಬ್ಬರ ಮುಖ ಕೂರಿಸುವುದು. ಅದರಲ್ಲಿ ಬೆರಳು ಯಾವಾಗಲೂ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಕೈ ನಿಜವಾದ ಮನುಷ್ಯರದ್ದೇ. ಹಿಂದಿನ ಬೋರ್ಡೂ ನಿಜ, ಸೀರೆಯೂ ನಿಜ. ಬೆರಳಿನ ಲೆಕ್ಕ ಇಡೀ ಚಿತ್ರವನ್ನೇ ಕಂಪ್ಯೂಟರ್ ಹುಟ್ಟಿಸಿದಾಗ ಕೆಲಸಕ್ಕೆ ಬರುತ್ತಿತ್ತು, ಈಗ ಅಲ್ಲೂ ಕಡಿಮೆಯಾಗುತ್ತಿದೆ. ಕಣ್ಣು ಮಿಟುಕಿಸುವ ವಿಷಯ 2018ರದ್ದು. ಆಗಿನ ಪ್ರೋಗ್ರಾಂಗಳು ಕಣ್ಣು ತೆರೆದಿರುವ ಫೋಟೊಗಳನ್ನೇ ನೋಡಿ ಕಲಿತಿದ್ದವು, ಹಾಗಾಗಿ ವಿಡಿಯೊದಲ್ಲಿ ಕಣ್ಣು ಮುಚ್ಚುವುದು ಕಡಿಮೆ ಇತ್ತು. ಅಮೆರಿಕದ ಸಂಶೋಧಕರು ಇದನ್ನು ಕಂಡುಹಿಡಿದು ಹೇಳಿದರು. ಹೇಳಿದ ಮೇಲೆ ಮಾಡುವವರು ಸರಿಮಾಡಿಕೊಂಡರು. ಅದನ್ನೇ ಇವತ್ತೂ ಮಕ್ಕಳಿಗೆ ಬರೆಸುತ್ತಿದ್ದೇವೆ.

ಮುಂದಿನ ಭಾನುವಾರ ಪದ್ಯ ಬಿಟ್ಟು ಇದನ್ನೇ ಮಾಡಿದೆ. ಮನೆಯವರ, ಅಂದರೆ ನನ್ನ ಗಂಡನ ಫೋಟೊ ಒಂದಿತ್ತು, ಬಾಲ್ಕನಿಯಲ್ಲಿ ನಿಂತಿದ್ದು, ಕನ್ನಡಕ ಹಾಕಿದ್ದು. ಅದರ ಮೇಲೆ ನನ್ನ ತಮ್ಮನ ಮುಖ ಕೂರಿಸಿದೆ. ಇಬ್ಬರನ್ನೂ ಕೇಳಿಯೇ ಮಾಡಿದ್ದು. ಮಕ್ಕಳ ಫೋಟೊ ಅಂತೂ ಪಾಠಕ್ಕೂ ಬಳಸಬಾರದು. ಇದರ ಜೊತೆ ಏನೂ ಮಾಡದ ನಾಲ್ಕು ಫೋಟೊ ಸೇರಿಸಿ, ಐದನ್ನೂ ದೊಡ್ಡದಾಗಿ ಕಲರ್ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದೆ. ನನ್ನ ತಮ್ಮ, ಮನೆಯವರು ಇಬ್ಬರೂ ಸಂಘದ ಕಾರ್ಯಕ್ರಮಕ್ಕೆ ಬರುವವರು, ಮಕ್ಕಳಿಗೆ ಪರಿಚಯ ಇದೆ.

ಎಲ್ಲರೂ ಮೊದಲು ನೋಡಿದ್ದು ಕಣ್ಣು. ಕಣ್ಣು ಚೆನ್ನಾಗಿಯೇ ಇತ್ತು. ಆಗ ಹೇಳಿದೆ, ಮುಖದ ನಡುವೆ ನೋಡಬೇಡಿ, ಅಂಚು ನೋಡಿ. ಈ ಪ್ರೋಗ್ರಾಂ ತೆಗೆದು ಹಾಕುವುದು ಹುಬ್ಬಿನ ಸುತ್ತಿನಿಂದ ಗಲ್ಲದವರೆಗೆ ಒಂದು ಮುಖವಾಡದಷ್ಟು ಜಾಗ ಮಾತ್ರ. ಯಕ್ಷಗಾನದಲ್ಲಿ ಬಣ್ಣ ಎಲ್ಲಿ ನಿಲ್ಲುತ್ತದೆ, ಚರ್ಮ ಎಲ್ಲಿ ಶುರುವಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೀರಲ್ವಾ, ಹಾಗೆ ನೋಡಿ ಅಂದೆ. ಕೂದಲು, ಕಿವಿ, ಕತ್ತು, ಕೈ ಹಳೆಯ ಮನುಷ್ಯನದ್ದೇ ಉಳಿಯುತ್ತದೆ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನೋಟ್‌ಬುಕ್ ತಂದ ಹುಡುಗಿಯೇ, "ಟೀಚರ್, ಮುಖ ಮಾಮನದ್ದು, ಆದ್ರೆ ಕಿವಿ ಅಂಕಲ್‌ದು" ಅಂದಳು. ನನ್ನ ತಮ್ಮನ ಕಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಮನೆಯವರದ್ದು ಇಳಿಬಿದ್ದಿದೆ. ಅವಳು ಅದನ್ನು ಇನ್ನೊಂದು ಫೋಟೊದ ಪಕ್ಕ ಇಟ್ಟು ತೋರಿಸಿದಳು. ನೋಡಿ, ಕಿವಿಯಷ್ಟು ಸುಲಭವಾಗಿ ಹೋಲಿಸಬಹುದಾದದ್ದು ಇನ್ನೊಂದಿಲ್ಲ, ಆದರೆ ಕೂದಲು ಅಥವಾ ಸೆರಗು ಮುಚ್ಚಿದ್ದರೆ ಇದೂ ಇಲ್ಲ.

ಇನ್ನೊಬ್ಬ ಹುಡುಗ ಕನ್ನಡಕದ ಕಡ್ಡಿ ತೋರಿಸಿದ. ಕಣ್ಣಿನ ಹತ್ತಿರ ಫ್ರೇಮ್ ಸ್ವಲ್ಪ ಕರಗಿದ ಹಾಗಿದೆ, ಕಿವಿಯ ಕಡೆ ಹೋಗುವಾಗ ಕಡ್ಡಿ ದಪ್ಪ ಆಗಿಬಿಟ್ಟಿದೆ. ಮುಖವಾಡದ ಗಡಿ ದಾಟುವ ಯಾವುದೇ ವಸ್ತು ಹೀಗೆ ಸಿಕ್ಕಿಬೀಳಬಹುದು: ಕನ್ನಡಕ, ಮುಖಕ್ಕೆ ಅಡ್ಡ ಬಂದ ಕೈ, ಹಣೆ ಮೇಲೆ ಬಿದ್ದ ಕೂದಲಿನ ಎಳೆ.

ಆಮೇಲೆ ಮೂಲ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿದೆ. ಶರ್ಟಿನ ನೂಲು ಕಾಣುತ್ತದೆ, ಕತ್ತಿನ ಕುರುಚಲು ಕಾಣುತ್ತದೆ, ಕೆನ್ನೆ ಮಾತ್ರ ಬೆಣ್ಣೆ. ಕಾರಣ ಸರಳ. ಜನ ಬಳಸುವ ಒಂದು ಪ್ರಸಿದ್ಧ ಸ್ವಾಪ್ ಮಾಡೆಲ್ ಮುಖವನ್ನು ತಯಾರಿಸುವುದು ಬರೀ 128 × 128 ಪಿಕ್ಸೆಲ್‌ನಲ್ಲಿ. ನನ್ನ ಫೋಟೊದಲ್ಲಿ ಮುಖ ಅದಕ್ಕಿಂತ ಎಷ್ಟೋ ದೊಡ್ಡದು. ಚಿಕ್ಕದನ್ನು ಹಿಗ್ಗಿಸಿ, ನಯ ಮಾಡಿ ಕೂರಿಸುತ್ತಾರೆ. ಅದಕ್ಕೇ ಒಂದೇ ಫೋಟೊದಲ್ಲಿ ಎರಡು ಥರದ ಚರ್ಮ. ಅದೇ ಫೋಟೊವನ್ನು ವಾಟ್ಸಾಪ್‌ನಲ್ಲಿ ನಾಲ್ಕು ಸಲ ಆಚೆ ಈಚೆ ಕಳಿಸಿ ಮತ್ತೆ ತೋರಿಸಿದೆ. ಈಗ ಶರ್ಟೂ ಮಸುಕು, ಕತ್ತೂ ಮಸುಕು, ಕೆನ್ನೆಯ ವ್ಯತ್ಯಾಸ ಹೋಗಿಬಿಟ್ಟಿದೆ. ಮಕ್ಕಳ ಕೈಗೆ ಬರುವುದು ಹೆಚ್ಚಾಗಿ ಈ ಎರಡನೆಯ ಥರದ್ದು.

ಉಳಿದ ನಾಲ್ಕರಲ್ಲಿ ಒಂದು ನಿಜವಾದ ಸೆಲ್ಫಿಯನ್ನು 7 ಮಕ್ಕಳು ನಕಲಿ ಅಂದರು. ಫೋನಿನ ಬ್ಯೂಟಿ ಫಿಲ್ಟರ್ ಕೆನ್ನೆ ನಯ ಮಾಡಿತ್ತು, ಪೋರ್ಟ್ರೇಟ್ ಮೋಡ್ ಕಿವಿಯ ಅಂಚನ್ನು ತಿಂದಿತ್ತು. ನಾನು ಹೇಳಿಕೊಟ್ಟ ಎರಡು ಗುರುತೂ ಅದರಲ್ಲಿದ್ದವು! ಇದನ್ನು ಬಿಟ್ಟು ಪಾಠ ಮಾಡಿದರೆ ಮಕ್ಕಳು ಕಂಡದ್ದೆಲ್ಲ ಸುಳ್ಳು ಅನ್ನಲು ಶುರು ಮಾಡುತ್ತಾರೆ, ನಿಜವಾಗಿ ತಪ್ಪು ಮಾಡಿದವನೂ "ಅದು ಡೀಪ್‌ಫೇಕ್" ಅಂತ ತಪ್ಪಿಸಿಕೊಳ್ಳುತ್ತಾನೆ. ಗುರುತು ಸಿಕ್ಕರೆ ಅನುಮಾನ ಅಷ್ಟೇ. ಸಾಬೀತು ಆಗುವುದು ಮೂಲ ಸಿಕ್ಕಾಗ.

ಅದಕ್ಕೆ ನಮ್ಮ ಕೊಡಗಿನ ಹುಡುಗಿ ರಶ್ಮಿಕಾ ಮಂದಣ್ಣ ಉದಾಹರಣೆ ಕೊಟ್ಟೆ. 2023ರ ನವೆಂಬರ್‌ನಲ್ಲಿ ಲಿಫ್ಟ್‌ನೊಳಗೆ ಬರುವ ಆ ವಿಡಿಯೊ ಎಲ್ಲ ಕಡೆ ಓಡಾಡಿತು. ಕೆನ್ನೆ, ಕಣ್ಣು ನೋಡಿ ವಾದ ಮಾಡಿದ್ದರೆ ಅದು ಮುಗಿಯುತ್ತಲೇ ಇರಲಿಲ್ಲ. ಫ್ಯಾಕ್ಟ್‌ಚೆಕ್ ಮಾಡುವವರು ಮೂಲ ವಿಡಿಯೊ ಹುಡುಕಿದರು. ಬ್ರಿಟನ್‌ನ ಒಬ್ಬ ಮಹಿಳೆ ಅದನ್ನು ಅಕ್ಟೋಬರ್‌ನಲ್ಲೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ಅದೇ ಲಿಫ್ಟ್, ಅದೇ ಬಟ್ಟೆ, ಬೇರೆ ಮುಖ. ನಕಲಿ ವಿಡಿಯೊದ ಶುರುವಿನಲ್ಲೂ, ಅವರು ಒಳಗೆ ಬರುವ ಕ್ಷಣದಲ್ಲಿ, ಮೊದಲು ಇನ್ನೊಂದು ಮುಖ ಕಂಡು ಆಮೇಲೆ ರಶ್ಮಿಕಾ ಮುಖ ಬರುತ್ತದೆ.

ಹುಡುಕುವ ಕ್ರಮ ಮಕ್ಕಳಿಂದಲೇ ಮಾಡಿಸಿದೆ. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖವನ್ನು ಕತ್ತರಿಸಿ ಬಿಟ್ಟುಬಿಡಿ, ಬಟ್ಟೆ ಮತ್ತು ಹಿಂದಿನ ಜಾಗ ಮಾತ್ರ ಇಟ್ಟು ಗೂಗಲ್ ಲೆನ್ಸ್‌ಗೆ ಕೊಡಿ. ಮುಖ ಇದ್ದರೆ ಅದು ಆ ಪ್ರಸಿದ್ಧ ವ್ಯಕ್ತಿಯ ಬೇರೆ ಫೋಟೊಗಳ ಕಡೆಗೇ ಕರೆದುಕೊಂಡು ಹೋಗಬಹುದು. ಆಮೇಲೆ ನನ್ನ ಬಾಲ್ಕನಿ ಫೋಟೊ ಹಾಕಿಸಿದೆ. ಏನೂ ಸಿಗಲಿಲ್ಲ, ಯಾಕೆಂದರೆ ಅದು ನಮ್ಮ ಮನೆಯ ಫೋನ್ ಬಿಟ್ಟು ಎಲ್ಲೂ ಇಲ್ಲ. "ಸಿಗದಿದ್ರೆ ನಿಜ ಅಂತಾನಾ?" ಅಂತ ಒಬ್ಬ ಕೇಳಿದ. ಅಲ್ಲ. ಅವತ್ತಿನಿಂದ ನಮ್ಮ ಹಾಳೆಯಲ್ಲಿ ನಿಜ, ನಕಲಿ ಜೊತೆ "ಗೊತ್ತಿಲ್ಲ" ಅನ್ನುವ ಮೂರನೇ ಕಾಲಂ ಇದೆ, ಅದಕ್ಕೂ ಪೂರ್ತಿ ಅಂಕ ಕೊಡುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಈ ಪರೀಕ್ಷೆ ಮಾಡಲೇಬೇಡಿ ಅಂತ ಹೇಳಿದ್ದೇನೆ. ಕ್ಲಾಸಿನ ಯಾರದ್ದೋ ಕೆಟ್ಟ ಫೋಟೊ ಬಂದರೆ ದೊಡ್ಡದು ಮಾಡಿ ಅಂಚು ನೋಡುವುದು, "ನಿಜವಾ ನೋಡು" ಅಂತ ಗೆಳೆಯರಿಗೆ ಕಳಿಸುವುದು ಎರಡೂ ಬೇಡ. ನಕಲಿಯೋ ಅಲ್ಲವೋ, ಆ ಹುಡುಗಿಗೆ ನೋವು ಒಂದೇ. ಯಾರು ಕಳಿಸಿದರು, ಯಾವ ದಿನ ಅಂತ ಬರೆದಿಟ್ಟುಕೊಂಡು ನೇರ ದೊಡ್ಡವರ ಹತ್ತಿರ ಹೋಗಬೇಕು. ದೊಡ್ಡವರು cybercrime.gov.in ನಲ್ಲಿ ದೂರು ಕೊಡಬಹುದು, ಮಕ್ಕಳ ಸಹಾಯವಾಣಿ 1098 ಇದೆ.

ಕ್ಲಾಸ್ ಮುಗಿದ ಮೇಲೆ ಆ ಹುಡುಗಿ ನಿಂತಿದ್ದಳು. ಶಾಲೆಯ ನೋಟ್‌ಬುಕ್‌ನಲ್ಲಿ "ಬೆರಳು ಎಣಿಸಿ" ಅನ್ನುವುದರ ಪಕ್ಕ ಬ್ರಾಕೆಟ್ ಹಾಕಿ "ಫೇಸ್ ಸ್ವಾಪ್‌ಗೆ ಅಲ್ಲ, ಕಿವಿ" ಅಂತ ಬರೆದಿದ್ದಳು, ಶಾಲೆಯ ಮಿಸ್‌ಗೆ ತೋರಿಸಲಾ ಅಂತ ಕೇಳಿದಳು. ತೋರಿಸು, ಆ ಐದು ಪ್ರಿಂಟ್ ಕೂಡ ತೆಗೆದುಕೊಂಡು ಹೋಗು ಅಂದೆ.