ಅಕ್ಕಿ ಆರೋಪಿ, ರಾಗಿ ಸಾಕ್ಷಿ

ಮಲೆನಾಡಿನಲ್ಲಿ ಅಕ್ಕಿಯ ಮೇಲೆ ಎಫ್‌ಐಆರ್ ದಾಖಲಾಗಿ ಕೆಲವು ವರ್ಷಗಳಾದವು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತಲ್ಲ, ಅಂದಿನಿಂದ ಶಿವಮೊಗ್ಗದ ಬಯಲುಗಳಲ್ಲಿ ಮೇಳದ ಶಾಮಿಯಾನ ಕಟ್ಟುವವರಿಗೆ ಬಿಡುವೇ ಇಲ್ಲ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ, ಹಬ್ಬಕ್ಕೆ ಕಡುಬು ಎಂದು ಬದುಕಿದ ಜನ ಈಗ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ. "ನಿಮ್ಮನೇಲಿ ಇನ್ನೂ ಅನ್ನ ಮಾಡ್ತೀರಾ?" ಎಂದು ಕೇಳುವ ದನಿ, "ನಿಮ್ಮನೇಲಿ ಇನ್ನೂ ಕುಡೀತಾರಾ?" ಎಂದು ಕೇಳುವ ದನಿಯಂತೆಯೇ ಇರುತ್ತದೆ.

ಮೊನ್ನೆಯ ಮೇಳದಲ್ಲಿ ಬ್ಯಾನರು ದೊಡ್ಡದಾಗಿತ್ತು: 'ಅಕ್ಕಿ ಬಿಡಿ, ಶುಗರ್ ಓಡಿಸಿ'. ಅದರ ಕೆಳಗೆ ಬೆಲ್ಲದ ಪಾಕದಲ್ಲಿ ಕಟ್ಟಿದ ನವಣೆ ಲಡ್ಡು, ಎಣ್ಣೆಯಲ್ಲಿ ಕರಿದ ಸಾಮೆ ಚಕ್ಕುಲಿ, ಸಕ್ಕರೆ ಬೆರೆಸಿದ ರಾಗಿ ಮಾಲ್ಟ್, ಮೈದಾ ಮುಂದೆ ನಿಂತು ಸಿರಿಧಾನ್ಯ ಹಿಂದೆ ಇಣುಕುವ ಬಿಸ್ಕತ್ತು. ಲಡ್ಡುವಿನ ಡಬ್ಬಿಯ ಮೇಲೆ ಹಸಿರು ಚೀಟಿ: 'ಜಿಐ 50', ಅಂದರೆ ತಿಂದ ಮೇಲೆ ರಕ್ತದ ಸಕ್ಕರೆ ಏರುವುದು ಕಡಿಮೆ ಎಂಬ ಭರವಸೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕನ್ನಡಕ ಮೇಲೇರಿಸಿ, "ಇದನ್ನ ಎಲ್ಲಿ ಅಳೆಸಿದ್ರಿ?" ಎಂದು ಕೇಳಿದರು.

"ಪ್ರೆಸ್ಸಲ್ಲೇ ಹಾಕ್ಕೊಟ್ರು ಸಾರ್. ಮೊದ್ಲು 35 ಅಂತ ಇತ್ತು. ಜನ ನಂಬಲ್ಲ ಅಂತ ನಾನೇ 50 ಮಾಡಿಸ್ದೆ."

ಪ್ರಾಮಾಣಿಕ ಮನುಷ್ಯ. ಮೇಷ್ಟ್ರು ಮೆಚ್ಚಿ ಎರಡು ಲಡ್ಡು ತಿಂದರು. ಪಕ್ಕದಲ್ಲೇ ಉಚಿತ ಶುಗರ್ ತಪಾಸಣೆಯ ಮೇಜು. ಮೇಷ್ಟ್ರು ಬೆರಳು ನೀಡಿದರು, ಹುಡುಗಿ ಚುಚ್ಚಿದಳು, ಯಂತ್ರ 312 ಎಂದಿತು. ಮೇಷ್ಟ್ರ ಮುಖ ಬಿಳುಚಿತು. ಮೈಕ್ ಹಿಡಿದವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದೇ? "ನೋಡಿ ಬಂಧುಗಳೇ, ಜೀವನಪೂರ್ತಿ ಅನ್ನ ತಿಂದದ್ದರ ಫಲ!" ಎಂದು ಸಾರಿಬಿಟ್ಟ. ಹುಡುಗಿಗೆ ಮಾತ್ರ ಅನುಮಾನ ಬಂತು. ಮೇಷ್ಟ್ರ ಬೆರಳಿಗೆ ಸ್ಟ್ರಿಪ್ಪು ಅಂಟಿಕೊಂಡಿತ್ತು. "ಸೋಪ್ ಹಾಕಿ ಕೈ ತೊಳ್ಕೊಂಡು, ಒರೆಸ್ಕೊಂಡು ಬನ್ನಿ ಸಾರ್" ಎಂದಳು. ತೊಳೆದು ಬಂದರು, 160 ಆಯಿತು. ಯಂತ್ರ ಮೊದಲ ಸಲ ಅಳೆದದ್ದು ಮೇಷ್ಟ್ರ ರಕ್ತದ ಜೊತೆಗೆ ಬೆರಳ ಮೇಲಿನ ಬೆಲ್ಲವನ್ನೂ. ಸ್ಟ್ರಿಪ್ಪಿಗೆ ಬೇಕಾದದ್ದು ಒಂದು ಸಣ್ಣ ಹನಿ. ಅದರಲ್ಲಿ ಪಾಕದ ಒಂದು ಕಣ ಸೇರಿದರೂ ಲೆಕ್ಕ ದಿಕ್ಕೆಡುತ್ತದೆ. ಎರಡನೆಯ ಅಂಕಿಯನ್ನು ಮೈಕಿನಲ್ಲಿ ಹೇಳಲಿಲ್ಲ.

ಆ 160 ಕೂಡ ಕಲ್ಲಲ್ಲಿ ಕೆತ್ತಿದ್ದಲ್ಲ. ಮನೆಬಳಕೆಯ ಗ್ಲುಕೋಮೀಟರ್‌ಗೆ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆಯಾಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಯಂತ್ರ 160 ಎಂದರೆ ಲ್ಯಾಬಿನಲ್ಲಿ ಅದು 140 ಇರಬಹುದು, 185ರ ಹತ್ತಿರವೂ ಇರಬಹುದು. ಇಂಥ ಯಂತ್ರ ಇಟ್ಟುಕೊಂಡು, "ನಿನ್ನೆ ಅನ್ನಕ್ಕೆ 172, ಇವತ್ತು ನವಣೆಗೆ 158, ನೋಡಿದ್ರಾ ಮಹಿಮೆ" ಎಂದು ಗೋಪಿ ಸರ್ಕಲ್ಲಿನಲ್ಲಿ ನಿಂತು ಭಾಷಣ ಮಾಡುವವರು ದಿನಕ್ಕೊಬ್ಬರು ಸಿಗುತ್ತಾರೆ.

ಚೀಟಿಯ ಮೇಲಿನ ಜಿಐ ಎಂಬುದು ಪ್ರೆಸ್ಸಿನಲ್ಲಿ ಹುಟ್ಟಿದ್ದಲ್ಲ, ಕೆನಡಾದ ಟೊರೊಂಟೊದಲ್ಲಿ. 1981ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಅಳತೆಯನ್ನು ಮುಂದಿಟ್ಟರು. ಕ್ರಮ ಹೀಗೆ: ಸುಮಾರು ಹತ್ತು ಮಂದಿ ಆರೋಗ್ಯವಂತರು ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು ಬರಬೇಕು. ಅವರಿಗೆ ಒಂದು ದಿನ 50 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಇನ್ನೊಂದು ದಿನ, ನಾರು ಬಿಟ್ಟು ಮೈಗೆ ಹತ್ತುವ ಪಿಷ್ಟ ಸಕ್ಕರೆ ಸೇರಿ ಸರಿಯಾಗಿ 50 ಗ್ರಾಂ ಆಗುವಷ್ಟು ಆಹಾರ ಕೊಡುತ್ತಾರೆ. ಎರಡೂ ದಿನ ಮೊದಲ ಒಂದು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ, ಒಟ್ಟು ಎರಡು ಗಂಟೆ ರಕ್ತ ನೋಡುತ್ತಾರೆ. ಅಂಕಿಗಳನ್ನು ಗೆರೆ ಎಳೆದು ಜೋಡಿಸಿದರೆ ಗುಡ್ಡದಂತೆ ಏರಿ ಇಳಿಯುವ ಒಂದು ರೇಖೆ ಬರುತ್ತದೆ. ಖಾಲಿ ಹೊಟ್ಟೆಯ ಮಟ್ಟಕ್ಕಿಂತ ಮೇಲೆ ಆ ಗುಡ್ಡದ ವಿಸ್ತೀರ್ಣ ಎಷ್ಟು ಎಂಬುದೇ ಲೆಕ್ಕ. ಗ್ಲೂಕೋಸಿನ ಗುಡ್ಡ 100 ಆದರೆ ಈ ಆಹಾರದ್ದು ಎಷ್ಟು? 55ರವರೆಗೆ ಕಡಿಮೆ, 70 ಮತ್ತು ಮೇಲಾದರೆ ಹೆಚ್ಚು.

ಅಂದರೆ ಆ ಅಂಕಿ ಒಂದು ಧಾನ್ಯಕ್ಕೆ ಹುಟ್ಟಿನಿಂದ ಬಂದ ಗುಣವಲ್ಲ. ಇಂತಿಷ್ಟು ತೂಕದ, ಹೀಗೆ ಬೀಸಿ ಹೀಗೆ ಬೇಯಿಸಿದ ಒಂದು ತಿನಿಸು, ಆರೋಗ್ಯವಂತರ ಹೊಟ್ಟೆಯಲ್ಲಿ ನಡೆದುಕೊಂಡ ರೀತಿ. ನಮ್ಮ ಮೇಳದವರು ಅದನ್ನು ಜಾತಿ ಪ್ರಮಾಣಪತ್ರ ಮಾಡಿಕೊಂಡಿದ್ದಾರೆ. ನವಣೆಯ ವಂಶದಲ್ಲಿ ಹುಟ್ಟಿದರೆ ಸಾಕು, ಬೆಲ್ಲದಲ್ಲಿ ಮುಳುಗಿದರೂ ಶುದ್ಧ.

ಸಿರಿಧಾನ್ಯಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಸಿರಿಧಾನ್ಯಗಳ ಸರಾಸರಿ ಜಿಐ 52.7, ಪಾಲಿಶ್ ಅಕ್ಕಿಯದು 71.7. ಅಂತರ ನಿಜವೇ. ಆದರೆ ಎರಡೂ ಕಡೆ ಅಂಕಿಗಳು ಸರಾಸರಿಯಿಂದ ಹತ್ತು ಹದಿನೈದು ಮೇಲೆ ಕೆಳಗೆ ಹರಡಿಕೊಂಡಿವೆ. ಒಳ್ಳೆಯ ಅಕ್ಕಿಯೂ ಕೆಟ್ಟ ಸಿರಿಧಾನ್ಯವೂ ಒಂದೇ ಬೆಂಚಿನಲ್ಲಿ ಕೂರುವ ಪ್ರಸಂಗ ಧಾರಾಳ. ಅಮೈಲೋಸ್ ಎಂಬ ಪಿಷ್ಟ ಹೆಚ್ಚಿರುವ ಭತ್ತದ ಅಕ್ಕಿ ನಿಧಾನವಾಗಿ ಕರಗುತ್ತದೆ. ಕುಚ್ಚಲಕ್ಕಿಯದೂ ಸಾಮಾನ್ಯವಾಗಿ ಬೆಳ್ತಿಗೆಗಿಂತ ತಗ್ಗಿದ ಗುಡ್ಡ. ಭತ್ತವನ್ನು ಬೇಯಿಸಿ ಒಣಗಿಸುವಾಗ ಪಿಷ್ಟ ಗಟ್ಟಿಯಾಗಿ ಮರುಜೋಡಣೆಯಾಗುವುದು ಕಾರಣ.

ಒಂದೇ ಅಕ್ಕಿಯಲ್ಲೂ ಅಡುಗೆಮನೆ ಜಾತಿ ಬದಲಿಸುತ್ತದೆ. ರಾತ್ರಿ ನೆನೆಸಿ ನುಣ್ಣಗೆ ರುಬ್ಬಿದ ನೀರುದೋಸೆಯಲ್ಲಿ ಕಣ ಎಷ್ಟು ಸಣ್ಣದೆಂದರೆ, ಬಾಯಲ್ಲಿಟ್ಟ ಕ್ಷಣದಿಂದಲೇ ಪಿಷ್ಟ ಒಡೆಯುವ ಕೆಲಸ ಸಲೀಸು. ಅದೇ ಅಕ್ಕಿಯ ತರಿಯಲ್ಲಿ ಮಾಡಿದ ಕಡುಬಿನಲ್ಲಿ ಪಿಷ್ಟ ತರಿಯೊಳಗೆ ಅಡಗಿ ಕೂತಿರುತ್ತದೆ, ಜೀರ್ಣರಸ ಹೊರಗಿನಿಂದ ಕೊರೆದುಕೊಂಡೇ ಹೋಗಬೇಕು. ರಾಗಿಗೂ ಇದೇ ನ್ಯಾಯ. ಸಿಪ್ಪೆ ತೆಗೆದ ರಾಗಿಯ ತಿನಿಸು, ರಾಗಿ ಅವಲಕ್ಕಿ ಇವು ಪರೀಕ್ಷೆಯಲ್ಲಿ 70ರ ಗೆರೆ ದಾಟಿದ್ದುಂಟು.

ಇನ್ನು ಪ್ಯಾಕೆಟ್ಟಿನ ಸಾಮೆ, ನವಣೆ. ಹೊರಸಿಪ್ಪೆ ತೆಗೆಯಲೇಬೇಕು, ಅದು ತಿನ್ನುವಂಥದ್ದಲ್ಲ. ಆದರೆ ಒಳಗಿನ ತೌಡಿನ ಪದರವನ್ನೂ ಉಜ್ಜಿ ತೆಗೆದರೆ ನಾರಿನ ದೊಡ್ಡ ಪಾಲು ಅದರ ಜೊತೆಗೇ ಹೋಯಿತು. ಗುರುತಿಸುವುದು ಕಷ್ಟವಲ್ಲ. ತೌಡಿರುವ ಕಾಳು ಮಾಸಲು ಬಣ್ಣದ್ದು, ಅಲ್ಲಲ್ಲಿ ಕಂದು ಛಾಯೆ; ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತ, ಮಲೆನಾಡಿನ ಮಳೆಗಾಲವನ್ನು ಕಪಾಟಿನಲ್ಲಿ ಕಳೆದರೂ ಕೆಡದೆ ಕೂತಿರುವ ಸಾಮೆಯನ್ನು ಕಂಡರೆ ಹುಳಕ್ಕೆ ನಮಗಿಂತ ಆಹಾರಜ್ಞಾನ ಜಾಸ್ತಿ ಎಂದೇ ಅರ್ಥ. ಮೇಳದಲ್ಲಿ ಮೊದಲು ಖಾಲಿಯಾದದ್ದು ಇದೇ ಮುತ್ತಿನ ಸಾಮೆ. ಮಾಸಲು ಸಾಮೆ ಮಾರುವ ಸೊರಬದ ಹೆಂಗಸಿನ ಹತ್ತಿರ, "ಕ್ಲೀನ್ ಇಲ್ವಲ್ಲಮ್ಮ" ಎಂದು ಹೇಳಿ ಮುಂದೆ ಹೋದವರೇ ಹೆಚ್ಚು.

ಮೇಷ್ಟ್ರು ಮನೆಗೆ ಬಂದವರೇ ಅನ್ನತ್ಯಾಗ ಘೋಷಿಸಿದರು. ನಾಳೆಯಿಂದ ಮಧ್ಯಾಹ್ನ ಮುದ್ದೆ. ತೀರ್ಥಹಳ್ಳಿ ಕಡೆಯವರು, ಮುದ್ದೆ ನುಂಗಿ ಅಭ್ಯಾಸವಿಲ್ಲ, ಅಗಿದು ಅಗಿದು ದವಡೆ ನೋಯಿಸಿಕೊಂಡರು. ಆದರೂ, "ಇದು ಔಷಧಿ, ಎಷ್ಟು ತಿಂದರೂ ತೊಂದರೆಯಿಲ್ಲ" ಎಂದು ಎರಡು ಮುದ್ದೆ. ಶುಗರ್ ಮಾತ್ರೆಯ ಡಬ್ಬಿಯನ್ನು ಮೇಲಿನ ಗೂಡಿಗೆ ಎತ್ತಿಡುವ ಹಂತಕ್ಕೂ ಬಂದಿದ್ದರು. ಆಗ ಅವರ ಮನೆಯವರು ಅಡುಗೆಮನೆಯ ತಕ್ಕಡಿ ತಂದು ಮೇಜಿನ ಮೇಲಿಟ್ಟರು. ಮೇಷ್ಟ್ರು ಗಣಿತದವರು, ಆದರೆ ಮನೆಯಲ್ಲಿ ಲೆಕ್ಕ ಬರುವುದು ಅವರಿಗೆ.

ಮೊದಲು ಅವರ ಹಳೆಯ ಊಟ: 80 ಗ್ರಾಂ ಅಕ್ಕಿಯ ಅನ್ನ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ, ಹಾಗಾಗಿ 80 ಗ್ರಾಮಿಗೆ 62. ಇದನ್ನು ಜಿಐ 72ರಿಂದ ಗುಣಿಸಿ ನೂರರಿಂದ ಭಾಗಿಸಿದರೆ 45. ಇದಕ್ಕೆ ಗ್ಲೈಸೆಮಿಕ್ ಲೋಡ್ ಎನ್ನುತ್ತಾರೆ. ಎಂಥ ಪಿಷ್ಟ ಎಂಬುದರ ಜೊತೆಗೆ ಎಷ್ಟು ಪಿಷ್ಟ ಎಂಬುದನ್ನೂ ಕೇಳುವ ಅಳತೆ. ಈಗ ಮುದ್ದೆ. ಒಂದಕ್ಕೆ 80 ಗ್ರಾಂ ಹಿಟ್ಟು, ಎರಡಕ್ಕೆ 160. ನೂರು ಗ್ರಾಂ ರಾಗಿಯಲ್ಲಿ 67 ಗ್ರಾಂ ಪಿಷ್ಟ, ನಾರು ಅಕ್ಕಿಯ ಮೂರ್ನಾಲ್ಕು ಪಟ್ಟು. ಎರಡು ಮುದ್ದೆಗೆ ಪಿಷ್ಟ 107 ಗ್ರಾಂ. ರಾಗಿಯ ಕಡೆಗೇ ಉದಾರವಾಗಿ ಜಿಐ 53 ಎಂದಿಟ್ಟುಕೊಂಡರೂ ಲೋಡ್ 57. ಅನ್ನಕ್ಕಿಂತ 12 ಜಾಸ್ತಿ! ಒಂದೇ ಮುದ್ದೆಯಾದರೆ 28.

ಮೇಷ್ಟ್ರು ಸುಲಭಕ್ಕೆ ಸೋಲುವವರಲ್ಲ. "ಊಟ ಆಗಿ ಎರಡು ಗಂಟೆಗೆ ನೋಡಿದೆ, ಅನ್ನಕ್ಕೂ 150, ಮುದ್ದೆಗೂ 150. ಅಲ್ಲಿಗೆ ಎರಡೂ ಒಂದೇ ಆಯ್ತಲ್ಲ" ಎಂದು ಈಗ ಉಲ್ಟಾ ಹೊಡೆದರು. ಅದೂ ಸರಿಯಲ್ಲ. ಎರಡು ಗಂಟೆಯ ಹೊತ್ತಿಗೆ ಎರಡೂ ರೇಖೆ ಇಳಿದು ಒಂದೇ ಕಡೆ ಸೇರಿರಬಹುದು. ಒಂದು ಗಂಟೆಗೆ ಅನ್ನದ್ದು 210ಕ್ಕೆ ಹತ್ತಿ ಇಳಿದು, ಇನ್ನೊಂದು 175ಕ್ಕೇ ನಿಂತು ಇಳಿದಿದ್ದರೆ ಕೊನೆಯ ಒಂದು ಚುಚ್ಚು ಆ ಕಥೆ ಹೇಳುವುದಿಲ್ಲ. ನೋಡಲೇಬೇಕೆಂದರೆ ಮೊದಲ ತುತ್ತಿನಿಂದ ಗಡಿಯಾರ ಹಿಡಿದು, ಊಟಕ್ಕೆ ಮುಂಚೆ ಒಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗಂಟೆಯವರೆಗೆ ನೋಡಬೇಕು. 64 ಗ್ರಾಂ ಅಕ್ಕಿಗೆ ಸಮ 75 ಗ್ರಾಂ ರಾಗಿ, ಎರಡರಲ್ಲೂ ಪಿಷ್ಟ 50 ಗ್ರಾಂ. ಎರಡೂ ದಿನ ಅದೇ ಸಾರು, ಅಷ್ಟೇ ಪಲ್ಯ, ಅಷ್ಟೇ ತುಪ್ಪ, ಅದೇ ಮಾತ್ರೆ. ಬೇಳೆ, ತರಕಾರಿ, ಜಿಡ್ಡು ಇವು ಹೊಟ್ಟೆ ಖಾಲಿಯಾಗುವ ವೇಗವನ್ನೇ ತಗ್ಗಿಸುವುದರಿಂದ, ಒಂದು ದಿನ ಬರೀ ಅನ್ನ ಮಜ್ಜಿಗೆ, ಮರುದಿನ ಮುದ್ದೆಯ ಜೊತೆ ಬಟ್ಟಲು ತುಂಬ ಹುರುಳಿಕಾಳಿನ ಸಾರು ಉಂಡು ಗೆಲುವನ್ನು ರಾಗಿಗೆ ಕೊಟ್ಟರೆ ಹುರುಳಿಗೆ ಮೋಸ. ಮತ್ತೆ, ಒಮ್ಮೆ ನೋಡಿದರೆ ಸಾಲದು. ಅದೇ ಮನುಷ್ಯನಿಗೆ ಅದೇ ಊಟ ಬೇರೆ ದಿನ ಬೇರೆ ಅಂಕಿ ಕೊಡುತ್ತದೆ.

ಮೇಷ್ಟ್ರು ಬೆರಳ ತುದಿಗಳನ್ನು ಒಮ್ಮೆ ನೋಡಿಕೊಂಡು, "ಹಾಗಾದ್ರೆ ಏನು ಮಾಡ್ಲಿ?" ಎಂದರು.

"ಮಾತ್ರೆ ಡಬ್ಬಿ ಕೆಳಗಿಡಿ. ಅದನ್ನ ಬಿಡಿ ಅಂತ ಹೇಳ್ಬೇಕಾದವ್ರು ಡಾಕ್ಟ್ರು, ಮೈಕಿನವನಲ್ಲ. ಮುದ್ದೆ ಒಂದೇ. ಎರಡನೇದು ಬೇಕು ಅಂದ್ರೆ ಬೆರಳು ಚಾಚಿ, ಐದು ಸಲ ಚುಚ್ತೀನಿ" ಎಂದರು ಮನೆಯವರು.

ಮೇಷ್ಟ್ರು ಪಲ್ಯದ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡರು.