‘ಅಂತೆ’ ಸೇರಿಸಿದರೆ ಪಾರಾಗುವುದಿಲ್ಲ

"ಪೆಟ್ಟಿ ಕ್ಯಾಶಲ್ಲಿ ಹನ್ನೆರಡು ಸಾವಿರ ಕಮ್ಮಿ ಬಂತಂತೆ." "ಆ ಪ್ರಮೋಷನ್ ಸುಮ್ನೆ ಸಿಕ್ಕಿದ್ದಲ್ವಂತೆ." ಹೋದ ಜೂನ್, ಜುಲೈನಲ್ಲಿ ನಮ್ಮ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಯ ಬಗ್ಗೆ ಹರಡಿದ ಮಾತುಗಳಿವು. ಅಕೌಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದವರು, ಪ್ರಮೋಷನ್ ಬಂದ ವಾರವೇ ಶುರುವಾಯಿತು. ನಾನೂ ಕೇಳಿದ್ದೆ. ಕೇಳಿ ಊಟ ಮುಗಿಸಿ ಎದ್ದು ಹೋಗಿದ್ದೆ.

‘ಅಂತೆ’ ಅಂದುಬಿಟ್ಟರೆ ಮಾತು ನಮ್ಮದಲ್ಲ, ಬರೀ ದಾಟಿಸಿದ್ದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ ಅಲ್ವಾ? ಕಾನೂನು ಹಾಗೆ ನೋಡುವುದಿಲ್ಲ. ಒಬ್ಬರ ಹೆಸರು ಕೆಡಿಸುವ ಮಾತನ್ನು ಮೂರನೆಯವರಿಗೆ ಮುಟ್ಟಿಸಿದರೆ ಅದನ್ನು ಹೇಳಿದವರು ನೀವೇ. ಯಾರೋ ಕಳಿಸಿದ್ದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಿದರೂ ಅಷ್ಟೇ. ಕೊಂಕು ಮಾತೂ ಲೆಕ್ಕಕ್ಕೆ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ, ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು ಅಂತ ಬಿಡಿಸಿ ಬರೆದಿದ್ದಾರೆ. "ಅವರಿಗೆ ಎಕ್ಸೆಲ್ ಬರಲ್ಲ" ಅನ್ನುವುದು ಒಂದು ಅಭಿಪ್ರಾಯ, ಹೊಟ್ಟೆಕಿಚ್ಚಿನದೇ ಇರಬಹುದು. "ದುಡ್ಡು ತಿಂದಿದ್ದಾರೆ" ಅನ್ನುವುದು ಆರೋಪ. ಆ ಗೆರೆ ದಾಟಿದ ಮೇಲೆ ಅದು ಬರೀ ಹರಟೆಯಲ್ಲ.

ನಿಜವಾಗಿ ಅನುಮಾನ ಇದ್ದರೆ? ಅಕೌಂಟ್ಸ್ ಮ್ಯಾನೇಜರಿಗೆ ಬರೆದು ಕೊಡಿ. ಅಧಿಕಾರ ಇರುವವರಿಗೆ ಒಳ್ಳೆಯ ನಂಬಿಕೆಯಿಂದ ಕೊಟ್ಟ ದೂರು ಮಾನಹಾನಿ ಆಗುವುದಿಲ್ಲ, ಅದಕ್ಕೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ನಮ್ಮಲ್ಲಿ ಹಾಗೆ ಒಬ್ಬರೂ ಬರೆದು ಕೊಡಲಿಲ್ಲ. ಯಾಕೆಂದರೆ ಲೆಕ್ಕದಲ್ಲಿ ಒಂದು ರೂಪಾಯಿಯೂ ಕಮ್ಮಿ ಇರಲಿಲ್ಲ.

ಆ ಸಹೋದ್ಯೋಗಿ ಮೊದಲು ಹೋಗಿದ್ದು ಪೊಲೀಸ್ ಸ್ಟೇಷನ್ನಿಗೆ, ದುಡ್ಡಿನ ಮಾತಿನ ವಿಚಾರಕ್ಕೆ. ಅಲ್ಲಿ ಎಫ್‌ಐಆರ್ ಆಗಲಿಲ್ಲ. ಮಾನಹಾನಿಯಲ್ಲಿ ಪೊಲೀಸರು ತಾವಾಗಿ ಕೇಸು ದಾಖಲಿಸಿ ತನಿಖೆ ಮಾಡುವಂತಿಲ್ಲ. ಎನ್‌ಸಿಆರ್ ಅಂತ, ಎಫ್‌ಐಆರ್ ಅಲ್ಲದ ಒಂದು ದಾಖಲೆ ಬರೆದುಕೊಂಡು, ವಕೀಲರನ್ನು ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕಿ ಅಂದರು. ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ಪ್ರಮೋಷನ್ ಮಾತಿನ ದಾರಿ ಬೇರೆ. ಹೆಣ್ಣುಮಗಳ ನಡತೆಯನ್ನು ಮ್ಯಾನೇಜರ್ ಜೊತೆ ಸೇರಿಸಿ ಆಡಿದ ಮಾತು, ಅವರು ನಡೆದು ಬಂದರೆ ಸುಮ್ಮನಾಗುವ ಟೇಬಲ್ಲು, ಇದು ಲೈಂಗಿಕ ಕಿರುಕುಳದ 2013ರ ಕಾಯ್ದೆಯೊಳಗೆ ಬರಬಹುದು. ಹತ್ತು ಜನ ಇರುವ ಯಾವ ಆಫೀಸಿನಲ್ಲೂ ಅದಕ್ಕೆ ಆಂತರಿಕ ಸಮಿತಿ ಇರಲೇಬೇಕು. (ಇದೇ ರೀತಿ ಒಬ್ಬ ಗಂಡಸಿನ ಬಗ್ಗೆ ಆಡಿದ್ದರೆ ಈ ಸಮಿತಿಗೆ ದೂರು ಕೊಡಲು ಅವರಿಗೆ ಆಗುತ್ತಿರಲಿಲ್ಲ. ಅದು ಸರಿ ಅಂತ ನನಗೆ ಅನಿಸುವುದಿಲ್ಲ.)

ಆದರೆ ಗಡುವು ಮೂರೇ ತಿಂಗಳು. ಕಾರಣ ಇದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ತಾನಾಗಿ ತಣ್ಣಗಾಗುತ್ತದೆ ಅಂತ ಕಾಯುವುದರಲ್ಲೇ ಈ ಮೂರು ತಿಂಗಳು ಕಳೆದುಹೋಗುತ್ತದೆ. ಇವರನ್ನು ಉಳಿಸಿದ್ದು ಒಂದು ಹಳೇ ಡೈರಿ. ಜೂನ್ 12, ಕ್ಯಾಂಟೀನ್, "ನಾವೂ ಲಿಪ್‌ಸ್ಟಿಕ್ ಹಚ್ಚಿದ್ರೆ ಸಿಗುತ್ತೇನೋ", ಯಾರು ಅಂದರು, ಯಾರು ಪಕ್ಕದಲ್ಲಿದ್ದರು, ಎಲ್ಲಾ ಬರೆದಿದ್ದರು. ಆಗಸ್ಟ್ 20ಕ್ಕೆ ಟ್ರೈನಿಂಗಿನ ಒಂದು ಫೋಟೋ ಕತ್ತರಿಸಿ, ಇವರು, ಮ್ಯಾನೇಜರ್ ಇಬ್ಬರೇ ಕಾಣುವ ಹಾಗೆ ಮಾಡಿ, ಕೆಳಗೆ ಅಸಹ್ಯದ ಒಂದು ಸಾಲು ಬರೆದು ಗ್ರೂಪಿಗೆ ಹಾಕಿದ್ದರು. ಸರಣಿಯಾಗಿ ನಡೆದರೆ ಮೂರು ತಿಂಗಳನ್ನು ಕೊನೆಯ ಘಟನೆಯಿಂದ ಎಣಿಸುತ್ತಾರೆ. ಅಕ್ಟೋಬರ್ 15ಕ್ಕೆ ದೂರು ಕೊಟ್ಟಾಗ ಜೂನಿನ ಮಾತೂ ಅದರ ಜೊತೆ ಸೇರಿಕೊಂಡಿತು.

ದೂರು ಕೊಡುವ ಹಿಂದಿನ ದಿನ ನನ್ನ ಹತ್ತಿರ ಬಂದು ಕೇಳಿದರು, "ಅವತ್ತು ಕ್ಯಾಂಟೀನಲ್ಲಿ ನೀವೂ ಇದ್ರಿ ಅಲ್ವಾ, ನಿಮ್ಮ ಹೆಸರು ಬರೀಲಾ?" ತಕ್ಷಣ ಹೂಂ ಅನ್ನಲು ನನಗೆ ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಹೂಂ ಅಂದೆ. ಆ ಟೇಬಲ್ಲಿನಲ್ಲಿದ್ದ ಇನ್ನಿಬ್ಬರು ಸಮಿತಿ ಮುಂದೆ ಏನೂ ಕೇಳಿಸಿಲ್ಲ ಅಂದರು. ಬಾಯಿಮಾತಿನ ಪ್ರಕರಣ ಬೀಳುವುದು ಇಲ್ಲೇ. ಹೇಳಿದವರು ಒಪ್ಪುವುದಿಲ್ಲ, ಕೇಳಿದವರು ಕೇಳಿಲ್ಲ ಅನ್ನುತ್ತಾರೆ.

ತೊಂಬತ್ತು ದಿನದೊಳಗೆ ವಿಚಾರಣೆ ಮುಗಿಯಿತು. ಫೋಟೋ ಹಾಕಿದವರು ಬರೆದು ಕ್ಷಮೆ ಕೇಳಿದರು, ಅವರ ಒಂದು ಇನ್‌ಕ್ರಿಮೆಂಟ್ ತಡೆದರು. ದುಡ್ಡಿನ ಮಾತು ಮಾತ್ರ ಹಾಗೇ ಉಳಿಯಿತು, ಅದು ನಮ್ಮ ವ್ಯಾಪ್ತಿ ಅಲ್ಲ ಅಂತ ಸಮಿತಿ ಹೇಳಿತು, ಅದು ಸರಿಯೇ. ಅದಕ್ಕೆ ಸಿವಿಲ್ ದಾವೆ ಹಾಕಬೇಕೆಂದರೆ ಒಂದು ವರ್ಷದೊಳಗೆ ಹಾಕಬೇಕು, ಅಂದರೆ ಈ ಜುಲೈ ಮೊದಲ ವಾರದೊಳಗೆ. ಹಾಕುವುದು ಬಿಡುವುದು ಅವರ ಇಷ್ಟ. ಹಾಕಿದರೆ ನನ್ನ ಹೆಸರು ಬರೆಯಿರಿ ಅಂತ ಈ ಸಲ ನಾನೇ ಹೋಗಿ ಹೇಳಿ ಬಂದಿದ್ದೇನೆ.