ನಲವತ್ತು ರೂಪಾಯಿ ಸಾಲ

ಹಳೇ ಫೋನಿನಿಂದ ಸಿಮ್ ತೆಗೆಯುವಾಗ ಸ್ವಲ್ಪ ಜಾಸ್ತಿ ಬಲ ಹಾಕಿದೆ. ಮೂಲೆ ಮುರಿದೇ ಹೋಯಿತು. ಅಂಗಡಿಯ ಹುಡುಗ ಹೆಬ್ಬೆಟ್ಟು ಒತ್ತಿಸಿಕೊಂಡು ಅದೇ ನಂಬರಿನ ಹೊಸ ಸಿಮ್ ಕೊಟ್ಟ. "ಅಂಕಲ್, 24 ಗಂಟೆ ಎಸ್‌ಎಂಎಸ್ ಹೋಗಲ್ಲ, ಬರಲ್ಲ" ಅಂದ. ನನಗೆ 'ಅಂಕಲ್' ಮಾತ್ರ ಕೇಳಿಸಿತು.

ಸಂಜೆ ಸೊಪ್ಪಿನ ಅಜ್ಜಿ ಹತ್ತಿರ ಮೆಂತ್ಯ ಸೊಪ್ಪು ತಗೊಂಡೆ. 40 ರೂಪಾಯಿ. ಆ್ಯಪ್ ತೆರೆದರೆ, ಸಿಮ್ ಬದಲಾಗಿದೆ, ಮೊದಲು ನಂಬರ್ ಖಚಿತಪಡಿಸಿ ಅಂತು. ಇದಕ್ಕೆ ಆ್ಯಪ್ ತಾನೇ ನಮ್ಮ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಕಳಿಸುತ್ತದೆ. ಯಾವ ನಂಬರಿನಿಂದ ಬಂತು ನೋಡಿ ನಾವೇ ಅಂತ ನಂಬುತ್ತದೆ. ಎಸ್‌ಎಂಎಸ್ಸೇ ಹೋಗದಿದ್ದರೆ ಏನು ನಂಬುವುದು? ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹುಡುಗ ಹೇಳಿದ ಮಾತು ಆಗ ನೆನಪಾಯಿತು. ನಮ್ಮ ನಂಬರಿಗೆ ಬೇರೆ ಯಾರೋ ಕಳ್ಳತನದಲ್ಲಿ ಸಿಮ್ ಮಾಡಿಸಿಕೊಂಡರೆ ಓಟಿಪಿಗಳು ತಕ್ಷಣ ಅವರ ಕೈಗೆ ಸಿಗಬಾರದು ಅಂತ ಈ ತಡೆಯಂತೆ. ಕಳ್ಳನಿಗೆ ಹಾಕಿದ ಬಲೆಗೆ ಮೆಂತ್ಯ ಸೊಪ್ಪು ಹಿಡಿದ ನಾನು ಬಿದ್ದಿದ್ದೆ. "ನಾಳೆ ಕೊಡಪ್ಪ" ಅಂದಳು ಅಜ್ಜಿ. ಪಕ್ಕದಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದರು.

ಮರುದಿನ 24 ಗಂಟೆ ಮುಗಿಯಿತು. ಎಸ್‌ಎಂಎಸ್ ಹೋಯಿತು. ಆದರೆ ಈ ನಂಬರಿಗೆ ಬ್ಯಾಂಕ್ ಖಾತೆಯೇ ಇಲ್ಲ ಅಂತು ಆ್ಯಪ್! ಹದಿನೈದು ವರ್ಷದ ಖಾತೆ, ಇಲ್ಲ ಅಂದ್ರೆ? ಆಮೇಲೆ ನೋಡಿದರೆ ನಾನು ಆರಿಸಿದ್ದು ಎರಡನೇ ಸಿಮ್. ಬ್ಯಾಂಕಿನಲ್ಲಿ ಕೊಟ್ಟಿದ್ದು ಮೊದಲನೆಯದು. ಅದನ್ನು ಒತ್ತಿ ಬ್ಯಾಂಕ್ ಆರಿಸಿದೆ. ಖಾತೆ ಸುಮ್ನೆ ಬಂದು ಕೂತಿತು.

ಆ ಖುಷಿಯಲ್ಲಿ ಯುಪಿಐ ಪಿನ್ ಜಾಗಕ್ಕೆ ಎಟಿಎಂ ಪಿನ್ ಹಾಕಿದೆ. ತಪ್ಪು. ಸರಿಯಾಗಿ ಒತ್ತಿಲ್ಲ ಅಂದುಕೊಂಡು ಮತ್ತೆ ಅದನ್ನೇ ಹಾಕಿದೆ. ಮೂರನೇ ಸಲಕ್ಕೆ ಬಾಗಿಲು ಬಂದ್. ಬುದ್ಧಿವಂತನ ಹಾಗೆ ಇನ್ನೊಂದು ಆ್ಯಪ್ ಹಾಕಿಕೊಂಡೆ. ಅಲ್ಲೂ ಅದೇ ಹಾಡು. ಪಿನ್ ಇರುವುದು ಆ್ಯಪಿನಲ್ಲಲ್ಲ, ಬ್ಯಾಂಕಿನ ಖಾತೆಗೆ. ಆ್ಯಪ್ ಎಷ್ಟು ಬದಲಿಸಿದರೂ ಬೀಗ ಅದೇ ಅಲ್ವಾ?

ಕೊನೆಗೆ 'ಪಿನ್ ಮರೆತಿದ್ದೀರಾ' ಒತ್ತಿದೆ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು, ವರ್ಷ ಕೇಳಿತು. ಪರ್ಸಿನಲ್ಲಿ ಉಜ್ಜಿ ಉಜ್ಜಿ ನನ್ನ ಕಾರ್ಡಿನ ಅಂಕಿಗಳು ಅಳಿಸಿಹೋಗಿವೆ. 3 ಇದ್ದದ್ದು 8 ಥರ ಕಾಣುತ್ತದೆ. ಹೆಂಡತಿ ಟಾರ್ಚ್ ಹಿಡಿದಳು, ನಾನು ಓದಿದೆ. ಓಟಿಪಿ ಬಂತು. ಆಮೇಲೆ ಎಟಿಎಂ ಪಿನ್ ಕೇಳಿತು, ಈ ಸಲ ನಿಜವಾಗಿಯೂ. ನನಗೆ ಕೈ ನಡುಗಿತು. "ಈಗ ಅದನ್ನೇ ಹಾಕಿ" ಅಂದಳು ಹೆಂಡತಿ.

ಹೊಸ ಪಿನ್ ಆಯಿತು ಅಂತ ಮನೆ ಬಾಡಿಗೆ ಕಳಿಸಲು ಹೋದೆ. ಹೋಗಲಿಲ್ಲ. ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ 5000 ರೂಪಾಯಿ ಮೀರುವ ಹಾಗಿಲ್ಲ. ಓನರ್‌ಗೆ ಫೋನ್ ಮಾಡಿ ಕಥೆ ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಅಜ್ಜಿಯ ಹತ್ತಿರ ಮಾತ್ರ ಎದೆಯುಬ್ಬಿಸಿಕೊಂಡು ಹೋದೆ. ಪಿನ್ ಹಾಕಿದೆ. ಅವಳ ಡಬ್ಬಿ ಜೋರಾಗಿ ನಲವತ್ತು ರೂಪಾಯಿ ಬಂತು ಅಂತು. ಇನ್ನೆರಡು ಕಟ್ಟು ಸೊಪ್ಪು ಎತ್ತಿ ಹೊರಟೆ.

"ಅದು ನಿನ್ನೇದು ಕಣಪ್ಪ," ಅಂದಳು ಅಜ್ಜಿ. "ಇವತ್ತಿಂದು?"